ಆ ಕೋಣೆಯಲ್ಲಿ ಏನು ಅಂಗಡಿ ಇಡುವುದು?

ಎಲ್ಲಿ ನಾಲ್ಕು ಜನ ಕಂಡರೂ ನಮ್ಮವರಿಗೆ, ಅಂದರೆ ನನ್ನ ಗಂಡನಿಗೆ, ಮೊದಲು ಕಾಣುತ್ತಿದ್ದದ್ದು ಆ ಜನರ ಹೊಟ್ಟೆ. ತಪ್ಪು ಅವರದಲ್ಲ. ಉಡುಪಿ ಕಡೆಯಿಂದ ಸಣ್ಣ ಪ್ರಾಯದಲ್ಲೇ ಮುಂಬಯಿಗೆ ಬಂದು, ಫೋರ್ಟಿನ ಒಂದು ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಹಿಡಿದು ಗಲ್ಲೆಯ ಮೇಲೆ ಕೂತು ಹಣ ಎಣಿಸುವ ತನಕ ಎಲ್ಲವನ್ನೂ ಮಾಡಿದವರು. ಮಧ್ಯಾಹ್ನ ಆಫೀಸಿನಿಂದ ಹೊರಗೆ ಬಂದವನು ಊಟಕ್ಕೇ ಬಂದಿದ್ದಾನೆ ಎಂಬುದರಲ್ಲಿ ಅವರಿಗೆ ಯಾವತ್ತೂ ಸಂಶಯ ಬಂದದ್ದಿಲ್ಲ.

ಎಪ್ಪತ್ತರ ದಶಕದ ಆರಂಭದ ಒಂದು ಮಳೆಗಾಲ. ಹೋಟೆಲಿದ್ದ ಕಟ್ಟಡ ಬಿರುಕು ಬಿಟ್ಟು ಮುನಿಸಿಪಾಲಿಟಿಯವರು ಖಾಲಿ ಮಾಡಿ ಎಂದಿದ್ದರು. ಮಳೆ ನಿಂತೊಡನೆ ಮುಚ್ಚುವುದೆಂದು ಧಣಿಗಳು ತೀರ್ಮಾನಿಸಿದರು. ಅವರಿಗೆ ಪ್ರಾಯವಾಗಿತ್ತು, ಇನ್ನೊಂದು ಹೋಟೆಲು ಕಟ್ಟುವ ಹುಮ್ಮಸ್ಸು ಇರಲಿಲ್ಲ. ಆದರೆ ಪವಾಯಿ ಕಡೆ ಒಂದು ದೊಡ್ಡ ಕಾರ್ಖಾನೆಯ ಎದುರು ಅವರದೊಂದು ಅಂಗಡಿ ಕೋಣೆ ಬೀಗ ಹಾಕಿಕೊಂಡು ಬಿದ್ದಿತ್ತು. ನಮ್ಮವರನ್ನು ಕರೆದು, "ಬೇಕಾದರೆ ನಿನಗೆ ಬಾಡಿಗೆಗೆ ಕೊಡ್ತೇನೆ. ಅಲ್ಲಿ ಎಂತ ಮಾಡ್ತೀ, ಯಾಕೆ ಅದನ್ನೇ ಮಾಡ್ತೀ ಅಂತ ಸರಿಯಾಗಿ ಯೋಚಿಸಿ ಹೇಳು. ಸುಮ್ಮನೆ ಕೈ ಸುಟ್ಟುಕೊಳ್ಳಲಿಕ್ಕೆ ಕೊಡುವುದಿಲ್ಲ. ಇನ್ನೊಬ್ಬ ಕಿರಾಣಿಯವ ಕೇಳ್ತಾ ಇದ್ದಾನೆ," ಎಂದರಂತೆ.

ಇದನ್ನು ಇವರು ಮನೆಗೆ ಬಂದು ಹೇಳಿದಾಗ ನನಗೆ ಖುಷಿಯಾಗಲಿಲ್ಲ, ಹೆದರಿಕೆಯಾಯಿತು. ಮದುವೆಯಾದ ಮೇಲೆ ವರ್ಷಗಟ್ಟಲೆ ನಾನು ಊರಿನಲ್ಲಿ ಅತ್ತೆಯ ಜೊತೆ ಇದ್ದವಳು. ಇವರು ಮುಂಬಯಿಯಲ್ಲಿ ಹೋಟೆಲಿನ ಬೆಂಚಿನ ಮೇಲೆ ಮಲಗುತ್ತಿದ್ದರು, ವರ್ಷಕ್ಕೊಮ್ಮೆ ಬಂದು ನೆಂಟರಂತೆ ಇದ್ದು ಹೋಗುತ್ತಿದ್ದರು. ಘಾಟ್ಕೋಪರಿನ ಚಾಳಿನಲ್ಲಿ ನಮಗೊಂದು ಕೋಣೆ ಸಿಕ್ಕಿ ನಾನು ಬಂದದ್ದು ಇತ್ತೀಚೆಗೆ. ಸಂಪಾದನೆ ನಿಂತರೆ ಆ ಕೋಣೆ ಬಿಡಬೇಕು, ನಾನು ಊರಿನ ಬಸ್ಸು ಹತ್ತಬೇಕು. ಇಷ್ಟು ಸರಳವಾಗಿತ್ತು ಲೆಕ್ಕ.

"ನಿಮಗೆ ಎಂತ ಮಾಡಬೇಕು ಅಂತ ಉಂಟು?" ಎಂದು ಕೇಳಿದೆ.

ಇವರು ಸ್ವಲ್ಪ ನಾಚಿ, "ಲೈಬ್ರರಿ," ಎಂದರು.

ನಾನು ನಗಲಿಲ್ಲ, ನಗಬೇಕಿತ್ತು. ವಾರಪತ್ರಿಕೆ, ಕಾದಂಬರಿ ಎಂದರೆ ಇವರಿಗೆ ಜೀವ. ದಿನದ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿ ಆಗ ಮುಂಬಯಿಯ ಗಲ್ಲಿಗಲ್ಲಿಯಲ್ಲಿತ್ತು. ಅಂಥದ್ದೇ ಕನ್ನಡದ್ದೊಂದು ಇಡಬೇಕೆಂದು ಎಷ್ಟು ಕಾಲದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದರೋ. "ಪವಾಯಿಯಲ್ಲಿ ಕನ್ನಡ ಓದುವವರು ಯಾರಿದ್ದಾರೆ?" ಎಂದೆ. "ಇರಬಹುದು," ಎಂದರು. ಆ 'ಇರಬಹುದು' ಕೇಳಿ ನನಗೆ ಊರಿನ ಬಸ್ಸಿನ ಹಾರ್ನ್ ಕೇಳಿದ ಹಾಗಾಯಿತು.

ಮರುದಿನ ಇವರೇ ಮಾತು ಬದಲಿಸಿದರು. "ಗೊತ್ತಿದ್ದ ಕೆಲಸ ಬಿಟ್ಟು ಯಾಕೆ ಬೇರೆ? ತಿಂಡಿ ಹೋಟೆಲೇ ಇಡುವ. ಇಡ್ಲಿ, ವಡೆ, ರೈಸ್ ಪ್ಲೇಟ್. ಕಾರ್ಖಾನೆ ಎದುರು ಜನಕ್ಕೆ ಬರವೇ?" ಇದು ಕೇಳಲಿಕ್ಕೆ ಬುದ್ಧಿವಂತಿಕೆಯ ಮಾತು. ನನಗೂ ಸಮಾಧಾನವಾಯಿತು. ಆದರೂ ಒಮ್ಮೆ ನೋಡಿ ಬರುವ ಎಂದು ಹಟ ಹಿಡಿದೆ.

ಬಸ್ಸಿನಲ್ಲಿ ಹೋದೆವು. ಜಿಟಿಜಿಟಿ ಮಳೆ. ಕೋಣೆಯ ಮುಂದಿನ ತಗಡಿನ ಕೆಳಗೆ ನಿಂತೆವು. ಪಾಳಿ ಮುಗಿದು ಕಾರ್ಖಾನೆಯ ಭೋಂಗಾ ಕೂಗಿತು, ಗೇಟು ತೆರೆಯಿತು. ಖಾಕಿ ಹಾಕಿದ ಗಂಡಸರು ಬರುತ್ತಾರೆ, ಬರುತ್ತಾರೆ, ಮುಗಿಯುವುದೇ ಇಲ್ಲ. ಇವರ ಮುಖ ಅರಳಿತು. "ಕಂಡಿಯಾ? ಇದರಲ್ಲಿ ಅರ್ಧ ಜನ ಒಳಗೆ ಬಂದರೆ ಸಾಕು," ಎಂದರು.

ಆದರೆ ಯಾರೂ ನಮ್ಮ ಕಡೆ ನೋಡಲಿಲ್ಲ. ಪಕ್ಕದ ಚಾದ ಗಾಡಿಯ ಮುಂದೆ ನಿಂತವರು ಬೆರಳೆಣಿಕೆಯಷ್ಟು. ಉಳಿದವರು ಬಸ್ಸಿನ ಸಾಲಿಗೆ ಓಡಿದರು. ಹಸಿದವರು ಹೀಗೆ ಓಡುತ್ತಾರೆಯೇ ಎಂದು ನನಗೆ ಅನಿಸಿತು. ಚಾ ಕುಡಿಯುತ್ತಿದ್ದ ಒಬ್ಬರು ನಮ್ಮ ಕನ್ನಡ ಕೇಳಿ ತಿರುಗಿದರು. ಬಿಜಾಪುರದ ಕಡೆಯವರು, ಅದೇ ಕಾರ್ಖಾನೆಯಲ್ಲಿ ಫಿಟ್ಟರ್. ಇವರು ಉತ್ಸಾಹದಿಂದ ಹೋಟೆಲಿನ ವಿಷಯ ಹೇಳಿದರು.

"ಹೋಟೆಲಾ?" ಎಂದರು ಆ ಮನುಷ್ಯ. "ನಮಗ ಒಳಗ ಕ್ಯಾಂಟೀನ್ ಐತ್ರಿ. ಊಟ, ಚಾ ಎಲ್ಲಾ ಕಂಪನೀದ, ಭಾಳ ಸೋವಿ. ನಿಮ್ಮ ಇಡ್ಲಿ ತಿನ್ನಾಕ ಯಾರ್ ಬರ್ತಾರ?"

ಇವರ ಮುಖ ಸಪ್ಪಗಾಯಿತು. ಜನ ಕಂಡಿದ್ದರು, ಗಿರಾಕಿ ಕಂಡಿರಲಿಲ್ಲ. ಹಾಗೆ ಸುಮ್ಮನೆ ಆ ಫಿಟ್ಟರನ್ನು ನೋಡುತ್ತ ನಿಂತಿದ್ದಾಗ ಅವರ ಪ್ಯಾಂಟು ಕಣ್ಣಿಗೆ ಬಿತ್ತು. ಸೊಂಟದಲ್ಲಿ ನೆರಿಗೆ ಹಿಡಿದು ಬೆಲ್ಟಿನಿಂದ ಬಿಗಿದಿದ್ದರು. ಕೆಳಗೆ ಅಂಚು ಮಡಚಿದ್ದರು. ಗೇಟಿನ ಕಡೆ ನೋಡಿದೆ. ಒಬ್ಬನ ಅಂಗಿಯ ಭುಜ ಮೊಣಕೈಗೆ ಇಳಿಯುತ್ತಿತ್ತು, ಇನ್ನೊಬ್ಬನ ಪ್ಯಾಂಟು ಮೀನು ಹಿಡಿಯಲಿಕ್ಕೆ ಹೊರಟವನದ್ದರ ಹಾಗೆ ಗಿಡ್ಡ.

"ಈ ಬಟ್ಟೆ ಯಾರು ಹೊಲಿದದ್ದು ಅಣ್ಣಾ?" ಎಂದು ಕೇಳಿಬಿಟ್ಟೆ.

"ಅದೊಂದು ಕಥಿ ಐತ್ರಿ ಅಕ್ಕಾರ. ಕಂಪನಿ ಬಟ್ಟಿ ಕೊಡತೈತಿ, ಹೊಲಿಗಿ ರೊಕ್ಕಾನೂ ಕೊಡತೈತಿ. ಹೊಲಿಸಿಕೊಳ್ಳೂದು ನಮ್ಮ ಪಾಡು. ಎಲ್ಲಾರಿಗೂ ಒಮ್ಮೆಲೆ ಬಟ್ಟಿ ಬರತೈತಿ, ಇಲ್ಲಿರೋ ದರ್ಜಿ ಒಬ್ನ. ಇವತ್ತ ಬಾ, ನಾಳಿ ಬಾ ಅಂತಾನ. ಈ ಸಲದ್ದು ಇನ್ನೂ ಪೆಟ್ಟಿಗ್ಯಾಗ ಐತಿ."

ಈಗ ನನ್ನ ಸಂಕಟ ಹೇಳಬೇಕು. ನನಗೆ ಹೊಲಿಗೆ ಬರುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು. ಹಾಗೆಯೇ ಹೊಲಿಗೆ ಕಂಡರೆ ನನಗೆ ಆಗುತ್ತಿರಲಿಲ್ಲ. ಅಮ್ಮ ಹಟಕ್ಕೆ ಬಿದ್ದು ಟೈಲರಿಂಗ್ ಕ್ಲಾಸಿಗೆ ಕಳಿಸಿದ್ದಳು. ಅತ್ತೆಯ ಮನೆಯಲ್ಲಿ ಊರವರ ರವಕೆಗಳೆಲ್ಲ ನನ್ನ ತಲೆಗೇ ಬಂದಿದ್ದವು. ಮುಂಬಯಿಗೆ ಬರುವಾಗ ಇನ್ನು ಸೂಜಿ ಮುಟ್ಟುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಹಾಕಿಕೊಂಡವಳು. ಆದರೆ ಬಾಯಿ ಕೇಳಬೇಕಲ್ಲ. "ಒಂದು ಜೊತೆ ನನಗೆ ಕೊಡಿ, ಹೊಲಿದು ನೋಡ್ತೇನೆ. ಸರಿಯಾಗದಿದ್ದರೆ ಬಟ್ಟೆಯ ಹಣ ನಾವು ಕೊಡ್ತೇವೆ," ಎಂದೆ. ಇವರು ನನ್ನನ್ನು ಯಾರೋ ಬೇರೆಯವಳು ಎಂಬಂತೆ ನೋಡಿದರು. ಫಿಟ್ಟರ್ ಮಾತ್ರ ಹಿಂದೆಯೇ ಇದ್ದ ತಮ್ಮ ಮನೆಯಿಂದ ಬಟ್ಟೆ ತಂದು, ಅಳತೆಯನ್ನೂ ಕೊಟ್ಟರು.

ಬಸ್ಸಿನಲ್ಲಿ ಇವರು, "ನಿನಗೆ ಪ್ಯಾಂಟು ಹೊಲಿಯಲಿಕ್ಕೆ ಬರ್ತದಾ?" ಎಂದರು. ಬರುವುದಿಲ್ಲ ಎಂದೆ.

ಇವರ ಒಂದು ಹಳೆಯ ಪ್ಯಾಂಟಿನ ಹೊಲಿಗೆ ಬಿಚ್ಚಿ, ತುಂಡುಗಳನ್ನು ಪೇಪರಿನ ಮೇಲೆ ಹರಡಿ ಗೆರೆ ಎಳೆದುಕೊಂಡೆ. ಪಕ್ಕದ ಕೋಣೆಯ ಮರಾಠಿ ವಹಿನಿ ಮಧ್ಯಾಹ್ನದ ಹೊತ್ತು ತಮ್ಮ ಮೆಷಿನ್ ಕೊಡುತ್ತೇನೆ ಎಂದರು. ಆದರೆ ಖಾಕಿಯನ್ನು ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗುತ್ತದೆ. ಗೇಟಿನಲ್ಲಿ ಕಂಡ ಗಿಡ್ಡ ಪ್ಯಾಂಟುಗಳ ಗುಟ್ಟು ಅದೇ. ನೆನೆಸಿದೆ. ಒಣಗಬೇಕಲ್ಲ. ಮಳೆಗಾಲದ ಚಾಳಿನಲ್ಲಿ ಕರ್ಚೀಫೇ ಒಣಗುವುದಿಲ್ಲ, ಆ ದಪ್ಪ ಬಟ್ಟೆ ಎಲ್ಲಿಂದ? ದರ್ಜಿ ಯಾಕೆ ನೆನೆಸದೆಯೇ ಕತ್ತರಿಸುತ್ತಾನೆಂದು ಆಗ ಗೊತ್ತಾಯಿತು. ದಿನ ಹೋಗುತ್ತಿತ್ತು, ಬಟ್ಟೆ ಹಸಿಯಾಗಿಯೇ ನೇತಾಡುತ್ತಿತ್ತು, ಅದನ್ನು ಮುಟ್ಟಿ ಮುಟ್ಟಿ ನನಗೆ ಅಳು ಬರುತ್ತಿತ್ತು.

ಒಂದು ಬೆಳಿಗ್ಗೆ ಇವರು ಬಟ್ಟೆಯನ್ನು ಚೀಲಕ್ಕೆ ತುರುಕಿ ಫೋರ್ಟಿಗೆ ಒಯ್ದರು. ಹೋಟೆಲಿನ ಅಡಿಗೆಮನೆಯಲ್ಲಿ, ಸಾಂಬಾರಿನ ಹಂಡೆಯ ಒಲೆಯ ಹಿಂದೆ ಹಗ್ಗ ಕಟ್ಟಿ ಹರವಿದರು. ಸಂಜೆಗೆ ಗರಿಗರಿಯಾಗಿ ತಂದರು. ನಾನು ಹೊಲಿದೆ. ಫಿಟ್ಟರ್ ಹಾಕಿಕೊಂಡು, ಕೂತು, ಎದ್ದು, ತೋಳು ಮೇಲೆತ್ತಿ ನೋಡಿದರು. "ಬರೋಬ್ಬರಿ ಕುಂತೈತ್ರಿ. ಆದ್ರ ವಾಸನಿ ಒಂದ್ ನಮೂನಿ ಐತಿ. ಇದನ್ ಹಾಕ್ಕೊಂಡ್ರ ಹಸಿವು ಆಗತೈತಿ." ಆ ವಾರವೇ ಅವರ ಪಾಳಿಯ ಗೆಳೆಯರು ತಮ್ಮ ತಮ್ಮ ಬಟ್ಟೆ ಕಳಿಸಿದರು. ಇವರು ಅವನ್ನೂ ಒಯ್ದು ಒಲೆಯ ಹಿಂದೆ ಸಾಲಾಗಿ ನೇತು ಹಾಕಿದರು.

ಅಲ್ಲಿಗೆ ಸಿಕ್ಕಿಬಿದ್ದರು. ಧಣಿಗಳು ಮಡಿಯ ಮನುಷ್ಯ. ಸ್ನಾನ ಮಾಡದವನನ್ನು ಅಡಿಗೆಮನೆಯ ಹೊಸ್ತಿಲು ದಾಟಲು ಬಿಡದವರು. ತಮ್ಮ ಇಡ್ಲಿಯ ಹಬೆಯಲ್ಲಿ ಯಾರಯಾರದ್ದೋ ಪ್ಯಾಂಟಿನ ಬಟ್ಟೆ ನೋಡಿ ಕೆಂಡವಾದರಂತೆ. "ನಾಳೆ ಹೆಂಡತಿಯನ್ನು ಕರಕೊಂಡು ಬಾ," ಎಂದಷ್ಟೇ ಹೇಳಿ ಹೋದರಂತೆ. ಕೋಣೆಯೂ ಹೋಯಿತು, ಇರುವ ಕೆಲಸವೂ ಹೋಯಿತು ಎಂದುಕೊಂಡೇ ನಾನು ಲೋಕಲ್ ಹತ್ತಿದೆ.

ಹೋಟೆಲಿನ ಮೂಲೆಯ ಟೇಬಲ್ಲಿನಲ್ಲಿ ಧಣಿಗಳು ಕೂತಿದ್ದರು. ನಮಗೆ ಕಾಫಿ ತರಿಸಿದರು. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ತಿಳಿಯಲಿಲ್ಲ.

"ಅಡಿಗೆಮನೆ ವಿಷಯ ಆಮೇಲೆ ಮಾತಾಡುವ," ಎಂದರು. "ಎಷ್ಟು ಜನ ಕೊಟ್ಟಿದ್ದಾರೆ?"

"ಮೊದಲು ಒಬ್ಬರು. ಅವರು ಹಾಕಿದ್ದನ್ನು ನೋಡಿ ಉಳಿದವರು," ಎಂದೆ.

"ಕಂಪನಿಯವರು ದಿನಾ ಬಟ್ಟೆ ಕೊಡುವುದಿಲ್ಲವಲ್ಲ. ಬಾಕಿ ತಿಂಗಳು ಎಂತ ಮಾಡ್ತೀ?"

ಇದನ್ನು ನಾನು ಹಾಸಿಗೆಯಲ್ಲಿ ಹೊರಳಾಡಿ ಹೊರಳಾಡಿ ಯೋಚಿಸಿದ್ದೆ. "ಅಲ್ಲೇ ಹಿಂದೆ ಅವರಲ್ಲಿ ಕೆಲವರ ಮನೆಗಳುಂಟು. ಹೆಂಗಸರ ರವಕೆ, ಮಕ್ಕಳ ಶಾಲೆಯ ಯೂನಿಫಾರ್ಮು. ಸೀರೆಗೆ ಫಾಲ್. ಅದು ಸಾಕಾಗ್ತದಾ ಅಂತ ಕೇಳಿದರೆ ಗೊತ್ತಿಲ್ಲ."

"ಅಲ್ಲಿಯ ದರ್ಜಿ?"

"ಅವನಿಗೆ ಬಟ್ಟೆ ನೆನೆಸುವ ತಾಳ್ಮೆ ಇಲ್ಲ."

ಧಣಿಗಳು ನಮ್ಮವರ ಕಡೆ ತಿರುಗಿದರು. "ನಿನಗೆ ಪುಸ್ತಕದ ಹುಚ್ಚು. ಬರುವುದು ಹೋಟೆಲು ಕೆಲಸ. ಅಲ್ಲಿ ನೀನು ಯಾರು?"

ಇವರು ಕಾಫಿಯ ಲೋಟ ತಿರುಗಿಸುತ್ತ ಕೂತರು. "ಗಲ್ಲೆ ನೋಡಿಕೊಳ್ತೇನೆ. ಯಾರಿಗೆ ಯಾವಾಗ ಕೊಡಬೇಕು ಅಂತ ನೆನಪಿಟ್ಟುಕೊಳ್ತೇನೆ, ಅದು ನನಗೆ ಅಭ್ಯಾಸ ಉಂಟು. ಕಾಜಾ, ಬಟನ್ ಕಲಿತೇನೆ," ಎಂದರು. ಲೈಬ್ರರಿಯ ಸುದ್ದಿ ಎತ್ತಲಿಲ್ಲ.

"ಸರಿ. ನಿನಗೆ ಹೊಲಿಗೆ ಅಂದರೆ ಇಷ್ಟವಾ?" ಧಣಿಗಳು ನನ್ನನ್ನೇ ನೋಡುತ್ತಿದ್ದರು. "ಇಷ್ಟ ಇಲ್ಲದ ಕೆಲಸಕ್ಕೆ ಅಂಗಡಿ ಇಟ್ಟವರನ್ನು ನಾನು ನೋಡಿದ್ದೇನೆ. ಎರಡು ಮಳೆಗಾಲ ಕಳೆಯುವುದಿಲ್ಲ."

ಹೌದು ಎಂದುಬಿಡಬಹುದಿತ್ತು. ಇವರು ಮೇಜಿನ ಕೆಳಗೆ ಕಾಲಿನಿಂದ ತಟ್ಟಿಯೂ ತಟ್ಟಿದರು. ಆದರೆ ಅಷ್ಟು ದಿನದ ಹೆದರಿಕೆ, ಒಣಗದ ಬಟ್ಟೆ, ನಿದ್ದೆಗೆಟ್ಟ ಕಣ್ಣು, ಎಲ್ಲ ಸೇರಿ ನನಗೆ ಸಿಟ್ಟು ಬಂತು.

"ಇಷ್ಟ ಇಲ್ಲ," ಎಂದೆ. "ಚಿಕ್ಕಂದಿನಿಂದಲೂ ಇಲ್ಲ. ಇವರ ಜೊತೆ ಇರುವುದು ಇಷ್ಟ. ಮದುವೆಯಾದ ಮೇಲೆ ಅದು ಈಗಷ್ಟೇ ಸಿಕ್ಕಿದ್ದು. ಅದಕ್ಕೆ ಎಷ್ಟು ಪ್ಯಾಂಟು ಹೊಲಿಯಬೇಕು ಹೇಳಿ, ಹೊಲಿತೇನೆ."

ಧಣಿಗಳು ಎದ್ದು ಗಲ್ಲೆಗೆ ಹೋಗಿ ಡ್ರಾಯರ್ ಎಳೆದರು. ಅವರ ಹೆಂಡತಿ ಊರಿನಲ್ಲೇ ಇದ್ದು, ಊರಿನಲ್ಲೇ ತೀರಿಹೋದವರು ಎಂಬುದು ನನಗೆ ಆ ಕ್ಷಣ ನೆನಪಿಗೆ ಬರಲಿಲ್ಲ. ಹೊರಗೆ ಬಂದು ವಿಟಿ ಸ್ಟೇಷನ್ನಿನ ಕಡೆ ನಡೆಯುವಾಗ ಇವರು ಅದನ್ನು ನೆನಪಿಸಿದರು. ಅಷ್ಟರಲ್ಲಿ ಕೋಣೆಯ ಕೀಲಿ ನನ್ನ ಕೈಯಲ್ಲಿತ್ತು.