ಲಾಳಿಕೆಯ ತುದಿಗೊಂದು ಕೆಂಪು ಸುತ್ತು

ಆ ಚಿತ್ರ ಬಂದದ್ದು ನಮ್ಮ ವಾಟ್ಸಾಪ್ ಗ್ರೂಪಿಗೆ. ಭಟ್ಕಳ, ಹೊನ್ನಾವರ, ಕುಮಟಾ, ಮೂರೂ ಶೋರೂಮಿನವರು ಇರುವ ಗ್ರೂಪು. ಮೆಕ್ಯಾನಿಕ್ಕಿನಿಂದ ಹಿಡಿದು ಮಾಲಕರ ತನಕ ಎಲ್ಲರೂ ನೋಡುವಂಥದ್ದು. ನಾವು ಮಾರುವುದು ಕರೆಂಟಿನ ಸ್ಕೂಟರು. ಭಟ್ಕಳದ ಶೋರೂಮು ತೆರೆದ ದಿನದಿಂದ ಅಲ್ಲಿ ಗಾಡಿ ಡೆಲಿವರಿಯ ಜವಾಬ್ದಾರಿ ನನ್ನದು. ಅವತ್ತು ಮಂಕಿಯಲ್ಲಿ ಬಸ್ಸು ಹತ್ತಿ, ಸೀಟು ಸಿಗದೆ ಕಂಬಿ ಹಿಡಿದು ನಿಂತಿದ್ದೆ. ನಿಂತಲ್ಲೇ ಮೊಬೈಲು ತೆರೆದು ನೋಡಿದೆ.

ನಮ್ಮ ಮಾರಾಟದವರ ಭಾಷೆಯಲ್ಲಿ ಅದಕ್ಕೆ ಸೇಲ್ಸ್ ಫನಲ್, ಅಂದರೆ ಮಾರಾಟದ ಲಾಳಿಕೆ ಎನ್ನುತ್ತಾರೆ. ವಿಚಾರಿಸಲು ಬಂದವರೆಷ್ಟು, ಅವರಲ್ಲಿ ಗಾಡಿ ಓಡಿಸಿ ನೋಡಿದವರೆಷ್ಟು, ಬುಕ್ ಮಾಡಿದವರೆಷ್ಟು, ಕೊನೆಗೆ ಗಾಡಿ ಒಯ್ದವರೆಷ್ಟು ಎಂದು ಮೇಲಿನಿಂದ ಕೆಳಗೆ ತೋರಿಸುವ ಚಿತ್ರ. ಜನ ಯಾವ ಹಂತದಲ್ಲಿ ಬಿಟ್ಟು ಹೋಗುತ್ತಾರೆ ಎಂದು ತಿಳಿಯುವುದೇ ಅದರ ಕೆಲಸ. ಕುಮಟಾದ ಹೆಡ್ ಆಫೀಸಿನ ಮ್ಯಾನೇಜರು ಕಳಿಸಿದ್ದು ಮಾತ್ರ ಇಂಟರ್ನೆಟ್ಟಿನಿಂದ ಇಳಿಸಿಕೊಂಡ ರೆಡಿಮೇಡ್ ಲಾಳಿಕೆ. ನೀಲಿಯಿಂದ ಹಸಿರಿಗೆ ತಿರುಗುವ ಬಣ್ಣ, ಹೊಳಪು, ನೆರಳು. ನಾಲ್ಕು ಪಟ್ಟಿಗಳು ಒಂದೇ ಲೆಕ್ಕದಲ್ಲಿ ಸಣ್ಣಗಾಗುತ್ತ ಹೋಗಿ ಕಡೆಯದು ಪೆನ್ನಿನ ಮೂತಿಯಂತೆ ಚೂಪಾಗಿತ್ತು. ಒಳಗೆ ಯಾವ ಅಂಕಿ ತುಂಬಿದರೂ ಆ ಆಕಾರ ಬದಲಾಗುವುದಿಲ್ಲ. ಆ ಚೂಪು ತುದಿಯ ಮೇಲೆ ಡೆಲಿವರಿ, ೨೦% ಎಂದಿತ್ತು. ಅದಕ್ಕೆ ಒಂದು ಕೆಂಪು ಸುತ್ತು. ಕೆಳಗೆ ಅವರ ಮಾತು: "ಭಟ್ಕಳದಲ್ಲಿ ಡೆಲಿವರಿ ಬರೀ ಇಪ್ಪತ್ತು ಪರ್ಸೆಂಟ್. ನೂರಕ್ಕೆ ಎಂಬತ್ತು ಗಿರಾಕಿಗಳು ಕೊನೆ ಗಳಿಗೆಯಲ್ಲಿ ಕೈತಪ್ಪುತ್ತಿದ್ದಾರೆ."

ಡೆಲಿವರಿ ಎಂದರೆ ನಾನು. ರಿಜಿಸ್ಟ್ರೇಷನ್, ಇನ್ಶೂರೆನ್ಸ್, ಗಾಡಿ ತೊಳೆಸಿ ಕೀಲಿ ಕೈಗೆ ಕೊಡುವುದು, ಎಲ್ಲ ನನ್ನ ಮೇಜಿನಿಂದಲೇ ಆಗಬೇಕು. ಬಸ್ಸು ಭಟ್ಕಳ ಮುಟ್ಟುವಷ್ಟರಲ್ಲಿ ಆ ಚಿತ್ರಕ್ಕೆ ಮೇಲೆತ್ತಿದ ಹೆಬ್ಬೆಟ್ಟಿನ ಗುರುತುಗಳು ಸಾಲುಗಟ್ಟಿದ್ದವು. ಹಿಂದಿನ ವಾರ ನನ್ನ ಡಬ್ಬಿಯಿಂದ ಹಂಚಿಕೊಂಡು ಉಂಡವರೂ ಒತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಮೇಲ್ ಬಂತು: ಮುಂದಿನ ತಿಂಗಳಿಂದ ನಾನು ಕುಮಟಾ ಆಫೀಸಿನಲ್ಲಿ ಕೂತು ಫೋನು ಎತ್ತಬೇಕು, ಭಟ್ಕಳಕ್ಕೆ ಬೇರೆಯವರು ಬರುತ್ತಾರೆ.

ನನಗೆ ಮೈಯೆಲ್ಲ ಉರಿಯಿತು. ತಪ್ಪು ಮಾಡಿ ಬೈಸಿಕೊಳ್ಳುವುದಕ್ಕೆ ನಾನು ಹಿಂದೆ ಸರಿಯುವವಳಲ್ಲ. ಇದು ಬೇರೆ. ಆ ಇಪ್ಪತ್ತು ಪರ್ಸೆಂಟು ಬುಕ್ ಮಾಡಿದವರದ್ದಲ್ಲ, ಮೊದಲು ಬಾಗಿಲಿಗೆ ಬಂದು ವಿಚಾರಿಸಿದ ಎಲ್ಲರದ್ದು. ಇನ್ನೂರು ಜನ ವಿಚಾರಿಸಿದ್ದರು, ಅರವತ್ತು ಜನ ಓಡಿಸಿ ನೋಡಿದ್ದರು, ನಲವತ್ತೈದು ಜನ ಬುಕ್ ಮಾಡಿದ್ದರು, ನಲವತ್ತು ಜನ ಗಾಡಿ ಒಯ್ದಿದ್ದರು. ನನ್ನ ಮೇಜಿನಲ್ಲಿ ತಪ್ಪಿಹೋದವರು ಐದೇ ಜನ. ನೂರಕ್ಕೆ ಹನ್ನೊಂದು. ಉಳಿದವರು ನನ್ನ ಮೇಜಿನ ತನಕ ಬಂದೇ ಇರಲಿಲ್ಲ! ಬಾರದವರನ್ನು ಕಳೆದುಕೊಂಡ ಪಾಪವೂ ನನಗೇ?

ಮ್ಯಾನೇಜರಿಗೆ ಫೋನು ಮಾಡಿದೆ.

"ಮೇಡಂ, ಚಿತ್ರ ನೋಡಿದ್ರೆ ಗೊತ್ತಾಗ್ತದಲ್ಲ, ಕೆಳಗೇ ಇಕ್ಕಟ್ಟು," ಎಂದರು.

"ಸಾರ್, ಅದು ಯಾರ ಅಂಕಿ ಹಾಕಿದ್ರೂ ಕೆಳಗೇ ಇಕ್ಕಟ್ಟು. ನಿಮ್ಮ ಕುಮಟಾದ್ದು ಹಾಕಿ ನೋಡಿ."

"ಮೀಟಿಂಗಲ್ಲಿ ಮಾತಾಡುವಾ," ಎಂದು ಇಟ್ಟುಬಿಟ್ಟರು.

ಜನ ಎಲ್ಲಿ ಹೋದರು ಎಂಬುದು ನನಗೆ ಗೊತ್ತಿತ್ತು. ನಮ್ಮ ಶೋರೂಮು ಇರುವುದು ಹೈವೇಗೆ ಮುಖ ಮಾಡಿ. ನಮ್ಮಲ್ಲಿ ಕೇಳಲು ಬರುವವರಲ್ಲಿ ಹೆಂಗಸರೇ ಜಾಸ್ತಿ, ಅದರಲ್ಲೂ ಮೊದಲ ಸಲ ಗಾಡಿ ಹಿಡಿಯುವವರು. ಅವರಿಗಾಗಿ ನಾವು ಸ್ಕೂಟರನ್ನು ಪಕ್ಕದ ಜಾಲಿ ಊರಿನ ಕಡೆ ಅವರ ಓಣಿಗೇ ಒಯ್ಯುತ್ತಿದ್ದೆವು. ಅಲ್ಲಿ ಅತ್ತೆ, ನಾದಿನಿ, ಪಕ್ಕದ ಮನೆಯವರು ಎಲ್ಲ ಹೊರಗೆ ಬಂದು ನಿಲ್ಲುತ್ತಿದ್ದರು. ಒಬ್ಬರು ಓಡಿಸಿದರೆ ಇನ್ನಿಬ್ಬರಿಗೆ ಆಸೆ ಹುಟ್ಟುತ್ತಿತ್ತು. ಅಷ್ಟರಲ್ಲಿ ಇದೇ ಮ್ಯಾನೇಜರು ನಿಯಮ ತಂದರು: ಟೆಸ್ಟ್ ರೈಡ್ ಶೋರೂಮಿನ ಎದುರಿಗೇ ಆಗಬೇಕು, ಗಾಡಿ ಮನೆಗಳಿಗೆ ಹೋಗಕೂಡದು, ಬ್ಯಾಟರಿಯ ಚಾರ್ಜು ಸುಮ್ಮನೆ ದಂಡ. ಕುಮಟಾದಲ್ಲಿ ಶೋರೂಮಿನ ಹಿಂದೆ ಒಳ್ಳೆ ಬಯಲಿದೆ, ಅವರಿಗೆ ಅದರಿಂದ ಏನೂ ಆಗಲಿಲ್ಲ. ನಮ್ಮಲ್ಲಿ ಜಾಲಿಯ ಒಬ್ಬ ಹೆಂಗಸು ಹೆಲ್ಮೆಟ್ ಹಾಕಿಕೊಂಡು, ರಸ್ತೆ ನೋಡಿ, ಹೆಲ್ಮೆಟ್ ತೆಗೆದು ನನ್ನ ಕೈಗೇ ಕೊಟ್ಟಳು.

"ಈ ಲಾರಿ ಮಧ್ಯ ಕಲಿಯುದಾ ನಾನು? ನೀವು ಮನೆಗೆ ತಂದ್ರೆ ನೋಡುವಾ," ಎಂದು ಹೋದವಳು ಮತ್ತೆ ಬರಲಿಲ್ಲ.

ಇದನ್ನು ನಾನು ಫೋನಿನಲ್ಲಿ ಹೇಳಿದ್ದೆ, ಮೇಲ್‌ನಲ್ಲಿ ಬರೆದಿದ್ದೆ. ಯಾರ ಕಿವಿಗೂ ಬೀಳಲಿಲ್ಲ. ಅವರಿಗೆ ಚಿತ್ರ ಬೇಕು ತಾನೆ? ಚಿತ್ರವನ್ನೇ ಕೊಡುತ್ತೇನೆ ಎಂದು ಕೂತೆ.

ಎಕ್ಸೆಲ್ಲಿನಲ್ಲಿ ಅಡ್ಡ ಪಟ್ಟಿ ಎಳೆದೆ. ನಾಲ್ಕಕ್ಕೂ ಎತ್ತರ ಒಂದೇ, ಅಗಲ ಮಾತ್ರ ಅಂಕಿಗೆ ತಕ್ಕಷ್ಟು. ಇನ್ನೂರರ ಪಟ್ಟಿ ಹಾಳೆಯ ಅಗಲಕ್ಕೆ ಬಂದರೆ ಅರವತ್ತರದ್ದು ಅದರ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. ನಡುವಿಗೆ ಬಂದು ಕೂರಲೆಂದು ಪ್ರತಿ ಪಟ್ಟಿಯ ಎಡಕ್ಕೆ ಬಣ್ಣವಿಲ್ಲದ ಇನ್ನೊಂದು ತುಂಡು ಸೇರಿಸಿದೆ: ಇನ್ನೂರರಲ್ಲಿ ಆ ಹಂತದ ಸಂಖ್ಯೆ ಕಳೆದು ಉಳಿದದ್ದರ ಅರ್ಧ. ಸಣ್ಣ ಪಟ್ಟಿಗಳೊಳಗೆ ಅಕ್ಷರ ಹಿಡಿಯದ್ದರಿಂದ ಹೆಸರುಗಳನ್ನೆಲ್ಲ ಎಡಗಡೆ ಒಂದೇ ಸಾಲಿನಲ್ಲಿ ಇಟ್ಟೆ. ಬಲಗಡೆ, ಎರಡೆರಡು ಪಟ್ಟಿಗಳ ಸಂದಿಯಲ್ಲಿ, ಹಿಂದಿನ ಹಂತದಿಂದ ಎಷ್ಟು ಜನ ಉದುರಿದರು ಎಂಬ ಪರ್ಸೆಂಟು: ೭೦, ೨೫, ೧೧. ಹೊಳಪು, ನೆರಳು ಎಲ್ಲ ಕಿತ್ತೆಸೆದೆ. ಪಟ್ಟಿಗಳೆಲ್ಲ ಬೂದು. ಎಪ್ಪತ್ತು ಒಂದೇ ಕೆಂಪು.

ಮೀಟಿಂಗು ಹೊನ್ನಾವರದ ಶೋರೂಮಿನ ಮಹಡಿಯಲ್ಲಿ. ಮಾಲಕರು ವಯಸ್ಸಾದವರು, ಸೈಕಲ್ ಅಂಗಡಿಯಿಂದ ಮೇಲೆ ಬಂದವರು, ಉದ್ದ ಭಾಷಣ ಕೇಳುವ ತಾಳ್ಮೆ ಅವರಿಗಿಲ್ಲ. ಮ್ಯಾನೇಜರು ತಮ್ಮ ಬಣ್ಣದ ಲಾಳಿಕೆಯನ್ನು ಪ್ರೊಜೆಕ್ಟರಿನಿಂದ ಗೋಡೆಗೆ ಬಿಟ್ಟು ನನ್ನ ವರ್ಗಾವಣೆಯ ಮಾತು ತೆಗೆದರು. ಅವರು ಮುಗಿಸುವ ತನಕ ಕಾದು, ನನ್ನ ಹಾಳೆಯನ್ನು ಮಾಲಕರ ಮುಂದೆ ಇಟ್ಟೆ.

ಮಾಲಕರು ಕನ್ನಡಕವನ್ನೂ ಸರಿಮಾಡಿಕೊಳ್ಳಲಿಲ್ಲ. ಅವರ ಬೆರಳು ನೇರ ಮೊದಲ ಮತ್ತು ಎರಡನೆಯ ಪಟ್ಟಿಯ ಸಂದಿಗೆ ಹೋಯಿತು.

"ಇಲ್ಲಿ ಎಂತ ಆತು?"

"ಸಾರ್, ಇದು ಫನಲ್ ಥರ ಕಾಣುದೇ ಇಲ್ಲ," ಎಂದರು ಮ್ಯಾನೇಜರು. "ಶೇಪೇ ಇಲ್ಲ ಇದಕ್ಕೆ."

"ಶೇಪು ಇರ್ಲಿ ಮಾರಾಯ. ಇಷ್ಟು ಜನ ಇಲ್ಲಿ ಎಲ್ಲಿ ಹೋದ್ರು? ತಂಗಿ, ನೀನು ಹೇಳು."

ಎರಡನೆಯ ಹಾಳೆ ಇಟ್ಟೆ. ನಿಯಮ ಬರುವುದಕ್ಕೆ ಮುಂಚಿನ ಅಂಕಿಗಳು, ಅದೇ ಅಳತೆಯಲ್ಲಿ. ಅದರಲ್ಲಿ ಎರಡನೆಯ ಪಟ್ಟಿ ಮೊದಲನೆಯದರ ಅರ್ಧಕ್ಕಿಂತ ಅಗಲ. ಸಂದಿಯಲ್ಲಿ ಎಪ್ಪತ್ತರ ಬದಲು ನಲವತ್ತು. ಕೆಳಗಿನ ಎರಡು ಸಂದಿಗಳಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಮನೆಗೆ ಗಾಡಿ ಒಯ್ಯುತ್ತಿದ್ದದ್ದು, ನಿಲ್ಲಿಸಿದ್ದು, ಹೈವೇ, ಜಾಲಿಯ ಹೆಂಗಸು, ಎಲ್ಲ ಹೇಳಿದೆ.

"ಒಯ್ಯಬಾರ್ದು ಅಂದದ್ದು ಯಾರು?" ಮಾಲಕರು ಕೇಳಿದರು. ಮ್ಯಾನೇಜರು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತರು. ಮಾಲಕರು ನನ್ನ ಕಡೆ ತಿರುಗಿದರು. "ನಾಳೆಯಿಂದ ಮನೆಗೇ ಒಯ್ಯಿ ತಂಗಿ. ಆ ವರ್ಗಾವಣೆ ಗಿರ್ಗಾವಣೆ ಎಲ್ಲ ಬೇಡ. ಆತು, ಮುಂದಿನದ್ದು ಎಂತ?"

ಅಷ್ಟೇ. ತಿಂಗಳುಗಟ್ಟಲೆ ನಾನು ಬಾಯಿ ನೋಯುವಂತೆ ಹೇಳಿದ್ದು ಒಂದು ನೋಟಕ್ಕೆ ಮುಗಿದಿತ್ತು. ಅದಕ್ಕೆ ಸಂತೋಷಪಡಬೇಕೋ, ಇಷ್ಟು ದಿನ ನನ್ನ ಮಾತಿಗೆ ಬೆಲೆಯೇ ಇರಲಿಲ್ಲವಲ್ಲ ಎಂದು ಇನ್ನಷ್ಟು ಉರಿಯಬೇಕೋ ತಿಳಿಯಲಿಲ್ಲ. ನಾನು ಎರಡನ್ನೂ ಮಾಡಿದೆ.

ಮೆಟ್ಟಿಲಿಳಿಯುವಾಗ ಮ್ಯಾನೇಜರು ಹಿಂದಿನಿಂದ ಬಂದರು. ಮುಖ ಸಪ್ಪಗಿತ್ತು.

"ಮೇಡಂ, ಚಿತ್ರ ಚೆನ್ನಾಗೇ ಇತ್ತು. ಆದ್ರೆ ಆ ಕೆಂಪು ಬಣ್ಣ ಹಾಕ್ಬೇಕಿತ್ತಾ? ಎಲ್ಲರೆದುರು ನನಗೆ ಹೆಂಗಾಯ್ತು ಗೊತ್ತುಂಟಾ?"

ನಾನು ಮೊಬೈಲು ತೆಗೆದು ಗ್ರೂಪು ತೆರೆದೆ. ಅವರ ಲಾಳಿಕೆ ಅಲ್ಲೇ ಇತ್ತು, ಹೆಬ್ಬೆಟ್ಟುಗಳ ಸಮೇತ. ತುದಿಯ ಸುತ್ತನ್ನು ಬೆರಳಲ್ಲಿ ದೊಡ್ಡದು ಮಾಡಿ ಅವರ ಮುಖದ ಮುಂದೆ ಹಿಡಿದೆ.

"ಗೊತ್ತುಂಟು ಸಾರ್," ಎಂದೆ. "ಬಸ್ಸಲ್ಲಿ ನಿಂತ್ಕಂಡು ನೋಡಿದ್ದೆ."