ನಮ್ಮತ್ತಿಗೆ ಜೋಡಿಸಿದ ಹೊಲಿಗೆ ಪದಕೋಶ

ನಮ್ಮತ್ತಿಗೆಯ ಜೊತೆ ಏಗೋದು ಕಷ್ಟ ಕಣ್ರೀ. ಅಡುಗೆಮನೆ ಡಬ್ಬಿ ಒಂದು ಚೂರು ಆಚೀಚೆ ಆದರೂ ಮನೆಯನ್ನೇ ತಲೆಮೇಲೆ ಹೊತ್ತುಬಿಡ್ತಾಳೆ. ಅಣ್ಣ ಪಾಪದವನು, ಉಗುರು ಕತ್ತರಿ ಹುಡುಕಿದರೂ ಅವಳನ್ನು ಕೇಳಿಯೇ ಹುಡುಕ್ತಾನೆ. ನಾನೂ ಅತ್ತಿಗೆಯೂ ಒಂದೇ ಪ್ರೆಸ್ಸಿನಲ್ಲಿ ಕೆಲಸ ಮಾಡೋದು. ಅವಳು ಪುಟ ಜೋಡಿಸ್ತಾಳೆ, ನಾನು ಕರಡು ತಿದ್ದುತ್ತೀನಿ.

ಆಗ ನಮ್ಮ ಕೈಲಿದ್ದದ್ದು ಹೊಲಿಗೆ ತರಬೇತಿ ಶಾಲೆಯ ಪಠ್ಯಪುಸ್ತಕ. ಪಾಠಗಳನ್ನೆಲ್ಲ ಸಮಿತಿಯವರು ಬರೆದಿದ್ದರು. ಕೊನೆಯ ಪದಕೋಶ ಮಾತ್ರ ಅಲ್ಲಿನ ಹೊಲಿಗೆ ಟೀಚರದು. ಜೀವಮಾನವೆಲ್ಲ ಮಕ್ಕಳಿಗೆ ಹೇಳಿಕೊಟ್ಟ ಮಾತುಗಳನ್ನು ನೆನಪಾದ ಹಾಗೆ ಚೀಟಿಗಳಲ್ಲಿ ಬರೆದು ತಂದಿದ್ದರು. ಹಿಂದಿಲ್ಲ, ಮುಂದಿಲ್ಲ, ನೆರಿಗೆ ಆದಮೇಲೆ ಅಂಚು, ಅಂಚಾದಮೇಲೆ ಸೂಜಿ.

ಅತ್ತಿಗೆ ಬಿಡ್ತಾಳಾ? "ಟೀಚರ್, ಪ್ರತಿ ಪದಕ್ಕೂ ಅರ್ಥ ಬೇಕು, ಒಂದು ಉದಾಹರಣೆ ಬೇಕು. ಉದಾಹರಣೆಯೊಳಗೆ ಆ ಪದ ಇರಲೇಬೇಕು" ಅಂದಳು.

"ಅರ್ಥ ಹೇಳಿದಮೇಲೆ ಇನ್ನೇನಮ್ಮ ನಿನ್ನ ಕಾಟ!" ಅಂತ ಟೀಚರ್ ಗೊಣಗಿದರು. ಆದರೂ ಬರೆದುಕೊಟ್ಟರು. ಪದ, ಅರ್ಥ, ಉದಾಹರಣೆ ಅಂತ ಮೂರು ಕಾಲಂನಲ್ಲಿ ಟೈಪಾದ ಮೇಲೆ ಚೀಟಿಗಳನ್ನು ಮನೆಗೊಯ್ದರು. ಅಚ್ಚಿನ ಮಾದರಿ ಹೀಗೆ ಅಂತ ಅತ್ತಿಗೆ ಗೋಡೆಗೆ ಅಂಟಿಸಿದಳು:

ಅಸ್ತರ್: ಬಟ್ಟೆಯ ಒಳಬದಿಗೆ ಸೇರಿಸಿ ಹೊಲಿಯುವ ಬಟ್ಟೆ.
ಉದಾ: ಕೋಟಿಗೆ ತೆಳ್ಳನೆಯ ಅಸ್ತರ್ ಹಾಕಿದರು.

ಪದ ದಪ್ಪಕ್ಷರ, ಅದರ ಮುಂದೆ ಅರ್ಥ, ಕೆಳಸಾಲಿನಲ್ಲಿ ಉದಾಹರಣೆ. ಇದರಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಆಗಬಾರದು.

ಅಚ್ಚಿಗೆ ಹೋಗಬೇಕಾದ ದಿನ ಅತ್ತಿಗೆ ಬರೋದು ಕೊಂಚ ತಡವಾಯಿತು. ಪ್ರೆಸ್ಸಿನ ಯಜಮಾನರಿಗೆ ಎಲ್ಲಿಲ್ಲದ ಅವಸರ. ತಾವೇ ಕಂಪ್ಯೂಟರ್ ಮುಂದೆ ಕೂತು, ಪದಗಳ ಕಾಲಂ ಒಂದನ್ನೇ ಆರಿಸಿ, ಅಕಾರಾದಿಗೆ ತಿರುಗಿಸಿ, ಉಳಿಸಿ, ಫೈಲು ಮುಚ್ಚಿಬಿಟ್ಟಿದ್ದರು. ಪದಗಳು ಸಾಲಾಗಿ ನಿಂತವು. ಅರ್ಥ, ಉದಾಹರಣೆಗಳು ಮಾತ್ರ ಇದ್ದಲ್ಲೇ ಇದ್ದವು. ನಾನು ತೆರೆದು ನೋಡ್ತೀನಿ, ಗುಂಡಿ ಅಂದರೆ "ಕೈ ತೂರಿಸುವ ಭಾಗ", ತೋಳು ಅಂದರೆ "ತುದಿಯಲ್ಲಿ ಕಣ್ಣಿರುವ ಚೂಪಾದ ಸಾಧನ"!

ನನಗೆ ನಗು ಬಂತು, ಆಮೇಲೆ ಯಜಮಾನರನ್ನು ಕರೆದು ತೋರಿಸಿದೆ. ಯಜಮಾನರ ಮುಖ ಸಪ್ಪಗಾಯಿತು. "ಚೀಟಿ ತರಿಸಿ ಮತ್ತೆ ಟೈಪ್ ಮಾಡೋಕೆ ಹೊತ್ತಿಲ್ಲ. ಮಧ್ಯಾಹ್ನ ಯಂತ್ರ ಶುರುವಾಗಬೇಕು. ಪದಕೋಶ ಬಿಟ್ಟು ಪುಸ್ತಕ ಹಾಕಿಬಿಡೋಣ" ಅಂದರು.

ಅಯ್ಯೋ ದೇವರೇ! ಪದಕೋಶ ಬಿಟ್ಟರೆ ಟೀಚರ್ ಬರೆದದ್ದು ಒಂದಕ್ಷರವೂ ಪುಸ್ತಕದಲ್ಲಿರಲ್ಲ. ನನಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದು ಹೇಳೋಕೆ ಹೊರಟೆ, ಅಷ್ಟರಲ್ಲಿ ಅತ್ತಿಗೆ ಬಂದಳು. ಪರದೆ ನೋಡಿದಳು. ಬೈಲೇ ಇಲ್ಲ! ಅದೇ ನನಗೆ ಹೆಚ್ಚು ಭಯವಾದದ್ದು.

"ಕೆಟ್ಟಿರೋದು ಪದದ ಕಾಲಂ ಮಾತ್ರ ತಾನೇ? ಅದನ್ನ ತೆಗೆದು ಬಿಸಾಕು" ಅಂದಳು.

"ಪದವೇ ಇಲ್ಲದೆ ಪದಕೋಶವಾ ಅತ್ತಿಗೆ?"

"ಲೇ ಪೆದ್ದೀ, ಅರ್ಥ, ಉದಾಹರಣೆ ಇನ್ನೂ ಜೊತೆಗೇ ಇದಾವೆ. ಪದ ಉದಾಹರಣೆಯೊಳಗೇ ಕೂತಿದೆ. ನೀನು ಓದು, ನಾನು ಹಾಕ್ತೀನಿ."

ಓದುತ್ತಾ ಹೋದೆ. "ಜೇಬಿನಲ್ಲಿ" ಅಂತಿದ್ದರೆ ಅವಳು "ಜೇಬು" ಅಂತ ಹಾಕಿದಳು. ಒಂದು ವಾಕ್ಯದಲ್ಲಿ ಸೂಜಿ, ದಾರ ಎರಡೂ ಇದ್ದವು. ಪಕ್ಕದ ಅರ್ಥದಲ್ಲಿ ಕಣ್ಣು ಅಂತಿತ್ತು, ಸೂಜಿಯೇ ಸರಿ. ಒಂದೇ ಒಂದು ಕಡೆಯೂ ನಾವು ತಡವರಿಸಲಿಲ್ಲ. ಟೀಚರನ್ನು ಅಷ್ಟು ಕಾಡಿದ್ದು ಸಾರ್ಥಕವಾಯಿತು.

ಆಮೇಲೆ ಮೂರೂ ಕಾಲಂ ಒಟ್ಟಿಗೆ ಆರಿಸಿ ಅಕಾರಾದಿಗೆ ಹಾಕಿದಳು. ನಮ್ಮ ಹಳೇ ಕಂಪ್ಯೂಟರಿಗೆ ಒಂದು ಕೆಟ್ಟ ಚಾಳಿ ಇದೆ: ಳಕಾರವನ್ನು ಲಕಾರದ ಪಕ್ಕ ಕೂರಿಸಿಬಿಡುತ್ತೆ. ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ಆಚೆಗೆ, ಕಟ್ಟಕಡೆಗೆ. ಹಾಗಾಗಿ ಅಸ್ತರ್‌ಗಿಂತ ಮೊದಲು ಬಂದಿದ್ದ ಅಳತೆಯನ್ನು ಕೈಯಾರೆ ಅದರ ಕೆಳಗಿಳಿಸಿದಳು. ಸೊನ್ನೆ ಇರೋ ಪದ ಮೊದಲು ಅನ್ನೋದು ನಮ್ಮ ಪ್ರೆಸ್ಸಿನ ರೂಢಿ. ಅದರಂತೆ ಅಂಚು, ಅಗಲ, ಅಸ್ತರ್, ಅಳತೆ. ಕಕಾರದಲ್ಲಿ ಕತ್ತರಿ, ಕಾಜಾ, ಕಾಲರ್, ಕುಚ್ಚು. ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂತವು. ನಾನು ಕುರ್ಚಿಗೊರಗಿ ಉಸ್ಸಪ್ಪಾ ಅಂದೆ. ಯಜಮಾನರು ತಾವೇ ಹೋಗಿ ನಮ್ಮಿಬ್ಬರಿಗೂ ಚಹಾ ತಂದರು.

ಮಧ್ಯಾಹ್ನ ಟೀಚರ್ ಬಂದಾಗ ಯಂತ್ರ ಗಡಗಡ ಅಂತಿತ್ತು. "ನಂದೂ ಇದೆಯೇನಮ್ಮ?" ಅಂದರು. ನಡೆದದ್ದು ಅವರಿಗೇನು ಗೊತ್ತು! ಅತ್ತಿಗೆ ಪದಕೋಶದ ಮೊದಲ ಹಾಳೆ ಕೈಗಿತ್ತಳು. ಟೀಚರ್ ಕನ್ನಡಕ ಏರಿಸಿ, ಬೆರಳಿಟ್ಟು ಜೋರಾಗಿ ಓದಿದರು. "ಅಂಚು. ಬಟ್ಟೆಯ ಕೊನೆಯ ಬದಿ. ಅಮ್ಮ ತನ್ನ ಹಳೇ ಬಟ್ಟೆಯ ಅಂಚನ್ನು ಬಿಚ್ಚಿ..." ಅಲ್ಲಿಗೆ ನಿಲ್ಲಿಸಿ ಹಾಳೆಯನ್ನು ಅತ್ತಿಗೆಯತ್ತ ಚಾಚಿದರು.

ಮಿಕ್ಕದ್ದನ್ನು ಅತ್ತಿಗೆ ಓದಿದಳು: "ನನ್ನ ಲಂಗಕ್ಕೆ ಹೊಲಿದಳು."

"ನಮ್ಮಮ್ಮಂಗೆ ಓದು ಬರ್ತಿರಲಿಲ್ಲ ಕಣಮ್ಮ" ಅಂದರು ಟೀಚರ್. "ಈಗ ಎಲ್ಲ ಮಕ್ಕಳೂ ಅವಳನ್ನ ಓದ್ತಾವೆ."