ಐಸು ಕಂಡರಾಗದ ಗೌಡರ ಮೀನೂಟ

...ಅಥವಾ ಅದು ಬಂಗುಡೆಯೇ ಆಗಿರಲಿಲ್ಲವೇನೋ. ಬೂತಾಯಿ ಮೀನು ಇದ್ದರೂ ಇರಬಹುದು. ನನ್ನ ನೆನಪಿನಲ್ಲಿ ಮಾತ್ರ ಬಂಗುಡೆ ಅಂತಲೇ ಕೂತಿದೆ. ಬೆನ್ನಿನ ಮೇಲೆ ನೀಲಿ ಹಸಿರು ಗೆರೆ, ಹೊಟ್ಟೆ ಬೆಳ್ಳಿ, ಬಾಳೆಲೆಯ ಮೇಲೆ ಸಾಲಾಗಿ ಮಲಗಿಸಿದ್ದು. ನೆನಪು ಏನನ್ನಾದರೂ ಇಷ್ಟು ಅಂದವಾಗಿ ಜೋಡಿಸಿಟ್ಟಿದ್ದು ಕಂಡರೆ ನನಗೆ ಅನುಮಾನ. ಮೀನಿನ ಬುಟ್ಟಿಯಲ್ಲೂ ಹಾಗೇ, ಮೇಲಿನ ಸಾಲು ತೀರಾ ಥಳಥಳ ಅಂದರೆ ಅಡಿಗೆ ಕೈ ಹಾಕಿ ನೋಡಬೇಕು ಅನ್ನುತ್ತಿದ್ದಳು ಅಕ್ಕ. ಅಡಿಗೆ ಕೈ ಹಾಕುತ್ತೇನೆ. ಸಿಕ್ಕಿದ್ದು ಸಿಗಲಿ.

ಎಪ್ಪತ್ತರ ದಶಕ. ಹಿರಿಯೂರಿನಲ್ಲಿ ಹೈವೇ ಪಕ್ಕ ನನ್ನ ಭಾವನದ್ದೊಂದು ಮಿಲಿಟರಿ ಹೋಟೆಲ್. ಅಡುಗೆ ಅಕ್ಕನದು, ಮಾತು ಭಾವನದು. ಬಿ.ಎ. ಮುಗಿಸಿ ಕೆಲಸ ಸಿಗದ ನಾನು ಗಲ್ಲಾದ ಹಿಂದೆ ಪೇಪರ್ ಓದುತ್ತಾ ಕೂರುತ್ತಿದ್ದೆ. ಕಟ್ಟಡ ಒಬ್ಬ ಗೌಡರದು. ಅವರಿಗೆ ಹೊಲ ಇತ್ತು, ಕುರಿ ಹಿಂಡಿತ್ತು, ಜಗತ್ತಿನ ಸಕಲ ವಿಷಯದ ಬಗ್ಗೆ ಅಭಿಪ್ರಾಯಗಳಿದ್ದವು. ಆ ವರ್ಷ ಬಾಡಿಗೆ ಕರಾರು ಮುಗಿಯುವುದರಲ್ಲಿತ್ತು. ಎದುರಿನ ಟೈರ್ ಅಂಗಡಿಯವನು ಆ ಜಾಗದ ಮೇಲೆ ಕಣ್ಣಿಟ್ಟಿದ್ದ. ಗೌಡರು ಮುಂದುವರಿಸಿದರೆ ಹೋಟೆಲ್ ಉಂಟು, ಇಲ್ಲದಿದ್ದರೆ ಅಕ್ಕನ ಒಲೆ ಬೀದಿಗೆ.

ಗೌಡರು ಒಂದು ದಿನ ಬೀಡಿ ಹಚ್ಚುತ್ತಾ ಹೇಳಿದರು: "ನಿಮ್ಮ ಹೋಟ್ಲಾಗೆ ಸಮುದ್ರದ ಮೀನು ಮಾಡ್ತಾರಂತಲ್ಲಪ್ಪ. ನಮ್ಮ ಬೀಗರು ಬರ್ತಾರೆ, ಕರ್ಕಂಡು ಬರ್ತೀನಿ. ಉಂಡು, ಆಮೇಲೆ ಕರಾರಿನ ಮಾತಾಡಾಣ." ಎರಡು ಹೆಜ್ಜೆ ಹೋಗಿ ತಿರುಗಿದರು. "ಐಸಿನ ಮಾಲು ಮಾತ್ರ ಬ್ಯಾಡ. ಐಸ್ನಾಗೆ ಇಡೋದು ಹೆಣಾನ. ನಮ್ಮ ಕುರಿ ನೋಡು, ಬೆಳಿಗ್ಗೆ ಕೊಯ್ತೀವಿ, ಮಧ್ಯಾಹ್ನ ಉಣ್ತೀವಿ. ಐಸು ಯಾವಳಿಗೆ ಬೇಕು?"

ಕುರಿಯ ವಿಷಯದಲ್ಲಿ ಅದು ಸರಿಯಾದ ಮಾತು. ಕುರಿ ಗೌಡರ ಹಟ್ಟಿಯಿಂದ ನಡೆದುಕೊಂಡು ಬರುತ್ತದೆ. ಬಂಗುಡೆ ಕಡಲಿನಿಂದ ನಡೆದುಕೊಂಡು ಬರುವುದಿಲ್ಲ. ಅದು ಲಾರಿಯಲ್ಲಿ ಘಟ್ಟ ಹತ್ತಿ, ಶಿವಮೊಗ್ಗ ದಾಟಿ, ಹೊಳಲ್ಕೆರೆಯಲ್ಲಿ ಡ್ರೈವರ್ ಟೀ ಕುಡಿಯುವಾಗ ಕಾದು, ಚಿತ್ರದುರ್ಗದ ಐಸ್ ಫ್ಯಾಕ್ಟರಿ ಮುಂದೆ ನಿಂತು ಕರಗಿದ ಐಸಿನ ಜಾಗಕ್ಕೆ ಹೊಸದನ್ನು ತುಂಬಿಸಿಕೊಂಡು ನಮ್ಮಲ್ಲಿಗೆ ಬರುತ್ತಿತ್ತು. ಈ ಸತ್ಯವನ್ನು ಗೌಡರಿಗೆ ಹೇಳುವ ಧೈರ್ಯ ಹೈವೇ ಉದ್ದಕ್ಕೂ ಯಾರಿಗೂ ಇರಲಿಲ್ಲ, ಭಾವನಿಗಂತೂ ಇರಲೇ ಇಲ್ಲ.

ಲಾರಿ ನಿಂತರೆ ಅಕ್ಕನೇ ಹೋಗಬೇಕು. ಬುಟ್ಟಿಯ ಬಾಯಿ ನೋಡುತ್ತಿರಲಿಲ್ಲ, ಬುಡ ನೋಡುತ್ತಿದ್ದಳು. ಅಡಿಯಲ್ಲಿ ಐಸು ಇನ್ನೂ ಉಳಿದಿದೆಯಾ, ಇಲ್ಲಾ ಮೀನು ಕರಗಿದ ನೀರಿನಲ್ಲಿ ಈಜುತ್ತಿದೆಯಾ? ಆಮೇಲೆ ಕಣ್ಣು. ಉಬ್ಬಿ ತಿಳಿಯಾಗಿರಬೇಕು, ಮಬ್ಬಾಗಿ ಒಳಗೆ ಕೂತಿದ್ದರೆ ಇಲ್ಲ. ಕಿವಿರು ಎತ್ತಿದರೆ ಕೆಂಪಿರಬೇಕು, ಕಂದು ಬಣ್ಣ ತಿರುಗಿ ಅಂಟಂಟಾಗಿದ್ದರೆ ಬೇಡ. ಬೆರಳಿಂದ ಒತ್ತಿದರೆ ಗುಳಿ ಮತ್ತೆ ತುಂಬಿಕೊಳ್ಳಬೇಕು. ಕೊನೆಗೆ ಮೂಗು. "ಸಮುದ್ರದ ವಾಸನೆ ಬರ್ಲಿ, ಮೂತ್ರದ ವಾಸನೆ ಬ್ಯಾಡ" ಎಂದು ಡ್ರೈವರನ ಮುಖಕ್ಕೇ ಹೇಳುತ್ತಿದ್ದಳು. "ಏನಕ್ಕ, ಗಂಡು ನೋಡ್ದಂಗೆ ನೋಡ್ತೀಯ" ಎಂದು ಅವನು. "ಗಂಡು ನೋಡುವಾಗ ಹಿಂಗೆ ನೋಡಿದ್ರೆ ಇಲ್ಲಿರ್ತಿದ್ನೇನಪ್ಪ" ಎಂದು ಇವಳು. ಭಾವ ಆ ಹೊತ್ತಿಗೆ ಯಾವಾಗಲೂ ಬೇರೆ ಕಡೆ ನೋಡುತ್ತಿರುತ್ತಿದ್ದ.

ಒಪ್ಪಿದ ಮೀನನ್ನು ಅಕ್ಕ ತಡಮಾಡದೆ ಹೊಟ್ಟೆ ಬಗೆದು ತೊಳೆದು ಪೆಟ್ಟಿಗೆಗಿಡುತ್ತಿದ್ದಳು. ಪೆಟ್ಟಿಗೆ ಅಂದರೆ ದೊಡ್ಡ ಮರದ ಪೆಟ್ಟಿಗೆಯೊಳಗೆ ಚಿಕ್ಕದು, ನಡುವೆ ಭತ್ತದ ಹೊಟ್ಟು. ಚಿಕ್ಕದರ ಒಳಗೆ ತಗಡು, ಕೆಳಗೊಂದು ತೂತು, ಕರಗಿದ ನೀರು ಹರಿದುಹೋಗಲು. ಪುಡಿ ಮಾಡಿದ ಐಸು ಒಂದು ಪದರ, ಮೀನು ಒಂದು ಪದರ, ಮತ್ತೆ ಐಸು. ಮೇಲೆ ಗೋಣಿಚೀಲ. ಮುಚ್ಚಳವನ್ನು ಸುಮ್ಮನೆ ತೆಗೆದವರಿಗೆ ಸೌಟಿನ ಏಟು. ನಾನೂ ತಿಂದಿದ್ದೇನೆ.

ಗೌಡರು ಬರುವ ದಿನ ಲಾರಿ ಬೆಳಿಗ್ಗೆಯೇ ಬಂತು, ಮೀನು ಚೆನ್ನಾಗಿತ್ತು. ಅಕ್ಕ ಅದನ್ನು ಐಸಿಗಿಟ್ಟು ತೆಂಗಿನಕಾಯಿ ತರಲು ಬಬ್ಬೂರಿಗೆ ಹೋದಳು. ಅವಳು ಬಸ್ ಹತ್ತಿದ್ದೇ ಭಾವನ ತಲೆ ಓಡತೊಡಗಿತು. ಭಾವನ ತಲೆ ಓಡಿದಾಗಲೆಲ್ಲ ನಮಗೆ ಖರ್ಚು.

"ಲೇ, ಗೌಡ್ರು ಬಂದ ತಕ್ಷಣ ಪೆಟ್ಟಿಗೆ ತೆಗ್ದು ತೋರಿಸ್ಲಾ? ಐಸು ಕಂಡ್ರೆ ಕರಾರು ಹೋತು." ಮೀನನ್ನೆಲ್ಲ ಎತ್ತಿ, ಹೊರಗಿನ ಕಲ್ಲುಬೆಂಚಿನ ಮೇಲೆ ಬಾಳೆಲೆ ಹಾಸಿ ಜೋಡಿಸಿದ. ಬೆಂಚೋ, ಮೇಜೋ, ಬೆಂಚು ಅಂತಿಟ್ಟುಕೊಳ್ಳೋಣ. ಅಡಿಯ ಸಾಲಿನ ಹೊತ್ತಿಗೆ ಕೈ ಜೋಮು ಹಿಡಿಯಿತು ಎಂದು ಅಷ್ಟನ್ನು ಐಸಿನಲ್ಲೇ ಬಿಟ್ಟ. ಅವನ ಜೀವನದಲ್ಲಿ ಸೋಮಾರಿತನದಿಂದ ಆದ ಉಪಕಾರ ಅದೊಂದೇ ಇರಬೇಕು. ಆಗಾಗ ನೀರು ಚಿಮುಕಿಸುತ್ತಿದ್ದ, ಮದುವೆಮನೆಯಲ್ಲಿ ಪನ್ನೀರು ಚಿಮುಕಿಸಿದ ಹಾಗೆ. ನನ್ನ ಕೈಗೆ ಪೇಪರ್ ಕೊಟ್ಟು ನೊಣ ಓಡಿಸಲು ನಿಲ್ಲಿಸಿದ. 'ಬೇಕಾಗಿದ್ದಾರೆ' ಪುಟದಿಂದ ಬೀಸಿದೆ. ಪದವಿಗೆ ಸಿಕ್ಕ ಮೊದಲ ಉದ್ಯೋಗ.

ಬೇಸಿಗೆ. ಗೌಡರು ಬರಲಿಲ್ಲ. ದಾರಿಯಲ್ಲಿ ಯಾರದೋ ಟಗರಿಗೆ ಬೆಲೆ ಕಟ್ಟಲು ನಿಂತಿದ್ದಾರೆ ಎಂದು ಸುದ್ದಿ ಬಂತು. ಬೆಂಚಿನ ಮೇಲಿನ ನೆರಳು ಜಾರಿತು, ಮೀನು ಜಾರಲಿಲ್ಲ. ಅಕ್ಕ ಕಾಯಿಯ ಚೀಲ ಹೊತ್ತು ಬಂದವಳು ಬೆಂಚು ನೋಡಿದಳು, ಒಂದು ಮೀನು ಎತ್ತಿ ಒತ್ತಿದಳು. ಗುಳಿ ಬಿತ್ತು, ಬಿದ್ದದ್ದು ಬಿದ್ದೇ ಇತ್ತು.

"ಯಾರಿಗೆ ಆರತಿ ಮಾಡೋಕೆ ಇಟ್ಟೀರಿ ಇದನ್ನ?"

"ಈಗ ಮತ್ತೆ ಐಸಿಗೆ ಹಾಕಿದ್ರಾತು ಬಿಡು" ಎಂದ ಭಾವ. " ತಣ್ಣಗಾಗ್ತೈತೆ."

"ತಣ್ಣಗಾಗ್ತೈತೆ, ಹೊಸದಾಗಲ್ಲ. ಕೆಟ್ಟಿದ್ದು ಕೆಟ್ಟಂಗೇ ತಣ್ಣಗಿರ್ತೈತೆ."

"ಚೆನ್ನಾಗಿ ಕುದಿಸೇ. ಕುದಿಸಿದ್ರೆ ಏನುಳೀತೈತೆ?"

"ಹೋದ ವರ್ಷ ಮೀನಿನ ಲಾರಿ ಕ್ಲೀನರ್ ಹುಡುಗ ಇಂಥದ್ದನ್ನೇ ಕುದಿಸ್ಕಂಡು ತಿಂದಿದ್ದ. ಮುಖ ಮೆಣಸಿನಕಾಯಿ ಆಗಿತ್ತು, ಮೈಯೆಲ್ಲ ತುರಿಕೆ, ತಲೆ ಸಿಡಿತ. ನಾಲಿಗೆ ಚುರುಗುಟ್ಟಿದ್ರೂ ಖಾರ ಅನ್ಕಂಡು ತಿಂದ್ನಂತೆ. ಬಿಸಿಲಿಗೆ ಬಿಟ್ಟ ಬಂಗುಡೇಲಿ ಹುಟ್ಟೋ ವಿಷ ಬೆಂಕಿಗೆ ಹೆದರಲ್ಲ ಅಂತ ಡ್ರೈವರ್ರೇ ಹೇಳಿದ್ದ."

ಆ ವಿಷಕ್ಕೆ ಹಿಸ್ಟಮೈನ್ ಎಂಬ ಹೆಸರಿರುವುದು ನನಗೆ ಬಹಳ ವರ್ಷಗಳ ಮೇಲೆ ತಿಳಿಯಿತು. ಹೆಸರು ತಿಳಿದ ಮೇಲೂ ಅಕ್ಕನ ಮಾತಿಗೆ ಸೇರಿಸುವಂಥದ್ದೇನೂ ಸಿಗಲಿಲ್ಲ. ಅಷ್ಟರಲ್ಲಿ ಬೀಗರನ್ನು ಕೂರಿಸಿಕೊಂಡು ಗೌಡರ ಎತ್ತಿನ ಗಾಡಿ ಬಂತು. ಗಾಡಿಯೋ, ಜೀಪೋ? ಗೌಡರಿಗೆ ಗಾಡಿಯೇ ಒಪ್ಪುತ್ತದೆ, ಅದಕ್ಕೇ ನನಗೆ ಅದರ ಮೇಲೆ ನಂಬಿಕೆ ಕಮ್ಮಿ.

"ಬರ್ರಿ ಗೌಡ್ರೆ, ಕುಂತ್ಕಳ್ರಿ" ಎಂದು ಭಾವ ಹಲ್ಲು ಬಿಟ್ಟ. ಅಕ್ಕ ಕೂರಲು ಬಿಡಲಿಲ್ಲ. ಒಳಗೆ ಹೋಗಿ ಐಸಿನ ಅಡಿಯಿಂದ ಒಂದು ಮೀನು ತಂದಳು, ಬೆಂಚಿನಿಂದ ಒಂದು ಎತ್ತಿದಳು, ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ಮುಂದೆ ಹಿಡಿದಳು. "ಗೌಡ್ರೆ, ನೀವು ಕುರಿ ಬೆನ್ನು ಹಿಡಿದು ವಯಸ್ಸು ಹೇಳೋರು. ಯಾವುದು ಅಡುಗೆ ಮಾಡ್ಲಿ, ನೀವೇ ಹೇಳ್ರಿ." ಅವಳ ಲೆಕ್ಕ ನನಗೆ ಅರ್ಥವಾಯಿತು. ಒತ್ತಿ ನೋಡಿದವನಿಗೆ ಗೊತ್ತಾಗದಿರುತ್ತದೆಯೇ? ಗೌಡರೇ ಬೇಡ ಅಂದರೆ ಭಾವನ ಬಾಯಿ ಮುಚ್ಚುತ್ತದೆ.

ಗೌಡರು ಬೀಗರ ಕಡೆ ಒಮ್ಮೆ ನೋಡಿ ಶಾಲು ಹಿಂದಕ್ಕೆ ಹಾಕಿಕೊಂಡರು. ಎರಡು ಬೆರಳಲ್ಲಿ ಮೊದಲನೆಯದರ ಬೆನ್ನು ಹಿಸುಕಿದರು, ಗಟ್ಟಿ. ಎರಡನೆಯದನ್ನು ಹಿಸುಕಿದರು, ಬೆರಳು ಒಳಗೆ ಇಳಿಯಿತು. ಬೆರಳನ್ನು ಶಾಲಿಗೆ ಒರೆಸಿಕೊಂಡರು.

"ಇದು ಬಲಿತದ್ದು" ಎಂದು ಐಸಿನದನ್ನು ಪಕ್ಕಕ್ಕೆ ತಳ್ಳಿದರು. "ಮುದಿ ಟಗರು ಇದ್ದಂಗೈತೆ. ಇದು ನೋಡ್ರಿ, ಮೆತ್ತಗೈತೆ. ಎಳೇ ಮರಿ. ಇದನ್ನೇ ಮಾಡವ್ವ."

ಬೀಗರು ತಲೆದೂಗಿದರು. ಅವರೂ ಕುರಿಯವರೇ. ಭಾವ "ಅದಕ್ಕೇ ಗೌಡ್ರು ಅನ್ನೋದು" ಎಂದ. ಅಕ್ಕ ಅವನನ್ನು ನೋಡಿದ ನೋಟಕ್ಕೆ ಹಾಲು ಒಡೆಯುತ್ತಿತ್ತು. ಗೌಡರಿಗೆ ಬೀಗರ ಎದುರು 'ನಿಮಗೆ ಗೊತ್ತಿಲ್ಲ' ಎಂದು ಹೇಳಿದರೆ ಒಲೆ ಬೀದಿಗೆ. ಹೇಳದೆ ಅದನ್ನೇ ಬಡಿಸಿದರೆ ಗೌಡರ ಇಡೀ ಬಳಗ ಮೈ ಕೆರೆದುಕೊಳ್ಳುತ್ತಾ ಊರಿಗೆ ಹೋಗುತ್ತದೆ.

"ಆತು ಗೌಡ್ರೆ. ನೀವು ಹೇಳಿದ್ದೇ ಸೈ" ಎಂದಳು. ಬೆಂಚಿನ ಮೀನನ್ನೆಲ್ಲ ಬುಟ್ಟಿಗೆ ಬಳಿದುಕೊಂಡು ಎಲ್ಲರ ಕಣ್ಣೆದುರೇ ಅಡುಗೆಮನೆಗೆ ಒಯ್ದು ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಹಿಂಬಾಗಿಲಿನಿಂದ ಭಾವನನ್ನು ಕೂಗಿ ಬುಟ್ಟಿ ಕೊಟ್ಟು, "ತಿಪ್ಪೆ ಆಚೆ ಆಳವಾಗಿ ಹೂಳ್ರಿ, ನಾಯಿಗೂ ಸಿಗಬಾರದು" ಎಂದಳು. ನನ್ನ ಗಲ್ಲಾದ ಹತ್ತಿರದ ಕಿಟಕಿಯಿಂದ ಇದು ಕೇಳಿಸಿತು. ಒಲೆಗೇರುವುದು ಪೆಟ್ಟಿಗೆಯ ಅಡಿಯ ಸಾಲು ಎಂದುಕೊಂಡೆ. ಬುಟ್ಟಿಯಲ್ಲಿ ಎಷ್ಟಿತ್ತು ಎಂಬುದು ಕಾಣಲಿಲ್ಲ.

ಊಟ ಬಂತು. ಸಾರಿನಲ್ಲಿ ಮೀನಿನ ಮಾಂಸ ಬೆಳ್ಳಗೆ ಬೆಂದು ಮುಳ್ಳಿನಿಂದ ತಾನಾಗಿ ಬಿಡುತ್ತಿತ್ತು. ಕಾವಲಿಯಿಂದ ಇಳಿಸಿದ್ದು ಇಳಿಸಿದ ಹಾಗೆ ಎಲೆಗೆ ಬೀಳುತ್ತಿತ್ತು. ಗೌಡರು ಬೀಗರಿಗೆ ಪಾಠ ಶುರು ಮಾಡಿದರು. "ಐಸಿನ ಮೀನಾಗಿದ್ರೆ ಈ ರುಚಿ ಬರ್ತಿತ್ತಾ? ನಾಲಿಗೆ ಮ್ಯಾಲೆ ಇಟ್ರೆ ಗೊತ್ತಾಗಲ್ವಾ ನಮಗೆ?" ಅಕ್ಕ ಅನ್ನ ಬಡಿಸುತ್ತಾ "ಎಳೇದಲ್ವಾ ಗೌಡ್ರೆ" ಎಂದಳು. ಅವರು ಇನ್ನೊಂದು ಮೀನು ಹಾಕಿಸಿಕೊಂಡರು.

ಕೈ ತೊಳೆದು ಗೌಡರು ಕರಾರು ಮುಂದುವರಿಸಿದರು, ಒಂದು ಷರತ್ತಿನ ಮೇಲೆ. ತಮ್ಮ ಕಟ್ಟಡದೊಳಗೆ ಐಸು ಬರಕೂಡದು. ಮರುದಿನದಿಂದ ಐಸು ಹಿಂಬಾಗಿಲಿನಿಂದ ರಾಗಿಚೀಲದಲ್ಲಿ ಬಂತು. ಆಮೇಲೆಯೂ ಗೌಡರು ಬಂದು ಐಸಿನ ಮೀನು ಉಂಡು, ಐಸನ್ನು ಬೈದು, ತೇಗಿ ಹೋಗುತ್ತಿದ್ದರು. ಟೈರ್ ಅಂಗಡಿಯವನೂ ಬಂದು ಉಣ್ಣುತ್ತಿದ್ದ.

ಆ ಸಂಜೆ ಭಾವನ ಮುಖ, ಕತ್ತು ಕೆಂಪಗಾಗಿದ್ದು ನನಗೆ ನೆನಪಿದೆ. ತಲೆ ಹಿಡಿದುಕೊಂಡು ಚಾಪೆಯ ಮೇಲೆ ಬಿದ್ದುಕೊಂಡು "ಬಿಸಿಲು" ಎಂದ. ಬಿಸಿಲಿರಬಹುದು. ಅಕ್ಕನ ಬೈಗುಳವೂ ಇರಬಹುದು, ಅದಕ್ಕೂ ಅವನು ಕೆಂಪಾಗುತ್ತಿದ್ದ. ಹೂಳಲು ಹೋದವನು ಎರಡನ್ನು ಕೆಂಡದ ಮೇಲೆ ಸುಟ್ಟುಕೊಂಡನೋ, ದುಡ್ಡು ಕೊಟ್ಟು ತಂದದ್ದು ಮಣ್ಣುಪಾಲಾಗುತ್ತದಲ್ಲ ಎಂದು?

ಅಡಿಯ ಸಾಲಿನಲ್ಲಿ ಅಷ್ಟು ಜನಕ್ಕೆ ಸಾಲುವಷ್ಟು ಮೀನಿತ್ತೇ ಎಂಬುದೂ ನನಗೆ ಅನುಮಾನ. ಬೀಗರು ಊರಿಗೆ ಹೋದ ಮೇಲೆ ಹೇಗಿದ್ದರು ಎಂದು ಯಾರೂ ವಿಚಾರಿಸಲಿಲ್ಲ. ಅಕ್ಕನನ್ನು ಒಮ್ಮೆ ಕೇಳಿದೆ. "ನಿಂಗೆ ಹಾಕಿದ್ದು ಚೆನ್ನಾಗಿತ್ತಾ ಇಲ್ವಾ?" ಎಂದಳು. ಚೆನ್ನಾಗಿತ್ತು ಎಂದೆ. ಬುಟ್ಟಿಯ ಮೀನೆಲ್ಲ ಮಣ್ಣಿಗೆ ಹೋಯಿತೇ, ಒಂದೆರಡು ಎಲೆಗೂ ಬಿತ್ತೇ, ನನಗೆ ಗೊತ್ತಿಲ್ಲ.